ಕಳೆದ ವರ್ಷದ ದಾಸ್ತಾನು ತಪ್ಪಿದ್ದರೆ ಈ ವರ್ಷ ಸರಿಪಡಿಸುವುದು ಹೇಗೆ: ಶಿವಮೊಗ್ಗದ ಒಂದು ಅಡಿಕೆ ಮಂಡಿಯ ಲೆಕ್ಕ

ಮಾರ್ಚ್ 31ರ ಲೆಕ್ಕ ಮುಗಿದು, ಲೆಕ್ಕಪರಿಶೋಧಕರ ಸಹಿ ಬಿದ್ದು, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ ಅದೇ ಲೆಕ್ಕದಲ್ಲಿ ತಪ್ಪೊಂದು ಕಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆಯುತ್ತದೆ. ಕೆಲವರು ಕಂಪ್ಯೂಟರಿನಲ್ಲಿ ಹಳೆಯ ವರ್ಷವನ್ನು ತೆರೆದು ಅಂಕಿಯನ್ನೇ ಬದಲಿಸಿಬಿಡುತ್ತಾರೆ. ಇನ್ನು ಕೆಲವರು ಹೇಗಿದ್ದರೂ ಮುಂದಿನ ವರ್ಷ ಸರಿಹೋಗುತ್ತದೆ ಎಂದು ಸುಮ್ಮನಿರುತ್ತಾರೆ. ಎರಡೂ ಸರಿಯಲ್ಲ. ಸಹಿಯಾದ ಲೆಕ್ಕವನ್ನು ಮುಟ್ಟದೆ, ತಪ್ಪನ್ನು ಈ ವರ್ಷದ ಪುಸ್ತಕದಲ್ಲಿ ಬೇರೆ ಸಾಲಾಗಿ ತೋರಿಸಿ ಸರಿಪಡಿಸುವ ಕ್ರಮವನ್ನು ಭಾರತದ ಲೆಕ್ಕಪತ್ರ ಮಾನದಂಡ 5, ಅಂದರೆ ನಾವು ದಿನನಿತ್ಯ ಹೇಳುವ ಎಎಸ್ 5, ವಿಧಿಸಿದೆ. ಅಂಥ ಸಾಲಿಗೆ ಪೂರ್ವ ಅವಧಿಯ ಬಾಬ್ತು ಎಂದು ಹೆಸರು.

ಈ ಕ್ರಮ ಎಲ್ಲರಿಗೂ ಅಲ್ಲ. ಷೇರುಪೇಟೆಯಲ್ಲಿರುವ ಕಂಪನಿಗಳು, 250 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳು ಮುಂತಾದವು ಇಂಡ್ ಎಎಸ್ ಎಂಬ ಬೇರೆ ಮಾನದಂಡಗಳನ್ನು ಪಾಲಿಸಬೇಕಾದ್ದರಿಂದ, ಅವು ದೊಡ್ಡ ತಪ್ಪು ಸಿಕ್ಕಾಗ ಹಿಂದಿನ ವರ್ಷದ ಅಂಕಿಗಳನ್ನೇ ತಿದ್ದಿ ಮತ್ತೆ ಪ್ರಕಟಿಸಬೇಕಾಗುತ್ತದೆ. ನಮ್ಮ ಕಡೆಯ ಮಂಡಿಗಳು, ಪಾಲುದಾರಿಕೆ ಸಂಸ್ಥೆಗಳು, ಸಣ್ಣ ಖಾಸಗಿ ಕಂಪನಿಗಳು ಎಎಸ್ 5ರ ಅಡಿಯಲ್ಲಿ ಬರುತ್ತವೆ. ಈ ಬರಹ ಅವರಿಗಾಗಿ.

ತಪ್ಪುಗಳಲ್ಲಿ ನಾನಾ ಬಗೆ ಇದ್ದರೂ ಇಲ್ಲಿ ಒಂದನ್ನೇ, ಕೊನೆಯ ದಾಸ್ತಾನಿನ ತಪ್ಪನ್ನು, ಪೂರ್ತಿಯಾಗಿ ಬಿಡಿಸುತ್ತೇನೆ. ಮಲೆನಾಡಿನ ವ್ಯಾಪಾರದಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ, ಮತ್ತು ತಾನಾಗಿಯೇ ಸರಿಹೋಗುವಂತೆ ಕಾಣುವುದರಿಂದ ಜನ ಹೆಚ್ಚು ಮೋಸಹೋಗುವುದೂ ಇದರಲ್ಲೇ.

ತಪ್ಪು ಸಿಕ್ಕಿದ ಬಗೆ

ಶಿವಮೊಗ್ಗದ ಎಪಿಎಂಸಿ ಪ್ರಾಂಗಣದಲ್ಲಿ ಅಡಿಕೆ ಖರೀದಿ ಮಾಡುವ ಒಂದು ಪಾಲುದಾರಿಕೆ ಸಂಸ್ಥೆಯ ಲೆಕ್ಕವನ್ನು ನಾನು ನೋಡುತ್ತಿದ್ದೆ. 2023-24ರ ಲೆಕ್ಕ ಪರಿಶೋಧನೆಯಾಗಿ, ಸೆಪ್ಟೆಂಬರ್ 2024ರಲ್ಲಿ ರಿಟರ್ನ್ ಕೂಡ ಹೋಗಿತ್ತು. ಅಕ್ಟೋಬರ್ ಮೊದಲ ವಾರ ಅರ್ಧ ವರ್ಷದ ತಾಳೆ ನೋಡಲು ಗೋದಾಮಿನಲ್ಲಿದ್ದ ರಾಶಿ ಎಂಬ ಬಗೆಯ ಅಡಿಕೆಯನ್ನು ತೂಗಿಸಿದೆವು. ಪುಸ್ತಕದ ಪ್ರಕಾರ ಏಪ್ರಿಲ್ 1ಕ್ಕೆ 180 ಕ್ವಿಂಟಲ್ ಇತ್ತು, ಆರು ತಿಂಗಳಲ್ಲಿ 620 ಕ್ವಿಂಟಲ್ ಖರೀದಿಯಾಗಿ 655 ಕ್ವಿಂಟಲ್ ಮಾರಾಟವಾಗಿತ್ತು. ಉಳಿಯಬೇಕಾದದ್ದು 145 ಕ್ವಿಂಟಲ್. ತೂಕದಲ್ಲಿ ಬಂದದ್ದು 160.

"ಮಳೆಗಾಲ ಅಲ್ವಾ ಮಾರಾಯ್ರೆ, ತೇವ ಕುಡಿದಿರ್ತದೆ" ಎಂದರು ಹಿರಿಯ ಪಾಲುದಾರರು. ಆ ಮಾತಿನಲ್ಲಿ ಅರ್ಥವಿದೆ. ಆಷಾಢ ಶ್ರಾವಣದಲ್ಲಿ ಗೋದಾಮಿನ ಅಡಿಕೆ ತೇವ ಹೀರಿ ಸ್ವಲ್ಪ ತೂಕ ಏರುವುದುಂಟು. ಆದರೆ 145ಕ್ಕೆ 15 ಎಂದರೆ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು, ಅಷ್ಟು ತೇವ ಕುಡಿದ ಅಡಿಕೆ ಬೂಷ್ಟು ಹಿಡಿದಿರುತ್ತಿತ್ತು. ಇಲ್ಲಿ ಮಾಲು ಚೆನ್ನಾಗಿತ್ತು. ಹಾಗಾಗಿ ಮಾರ್ಚ್ ಮತ್ತು ಏಪ್ರಿಲ್ ತಿಂಗಳ ಸಾಗಾಟದ ಚೀಟಿಗಳನ್ನೆಲ್ಲ ತೆಗೆದು ಕೂತೆವು. ಮಾರ್ಚ್ 26ರಂದು 15 ಕ್ವಿಂಟಲ್ ರಾಶಿಯನ್ನು ಆರಿಸಿ ವಿಂಗಡಿಸಲು ತೀರ್ಥಹಳ್ಳಿಯ ಹಳ್ಳಿಯೊಂದರ ಮನೆಗೆ ಕಳಿಸಿದ ಚೀಟಿ ಇತ್ತು. ಅದು ಏಪ್ರಿಲ್ 9ರಂದು ವಾಪಸು ಬಂದ ಚೀಟಿಯೂ ಇತ್ತು. ಮಾರ್ಚ್ 31ರಂದು ದಾಸ್ತಾನು ಬರೆದವರು ಪ್ರಾಂಗಣದ ಗೋದಾಮಿನಲ್ಲಿದ್ದ ಚೀಲಗಳನ್ನಷ್ಟೇ ಎಣಿಸಿದ್ದರು.

ಮೊದಲು ಇದು ನಿಜವಾಗಿ ಪೂರ್ವ ಅವಧಿಯ ಬಾಬ್ತೇ ಎಂದು ನೋಡಬೇಕು

ಹಿಂದಿನ ವರ್ಷಕ್ಕೆ ಸೇರಿದ್ದೆಲ್ಲ ಪೂರ್ವ ಅವಧಿಯ ಬಾಬ್ತಾಗುವುದಿಲ್ಲ. ಹಿಂದಿನ ಲೆಕ್ಕ ತಯಾರಿಸುವಾಗ ಆದ ತಪ್ಪು ಅಥವಾ ಬಿಟ್ಟುಹೋದ ವಿಷಯದಿಂದ ಈಗ ಹುಟ್ಟುವ ಆದಾಯ ಅಥವಾ ವೆಚ್ಚ ಮಾತ್ರ ಅದರಲ್ಲಿ ಸೇರುತ್ತದೆ. ಹಿಂದಿನ ವರ್ಷದ ಕೆಲಸಕ್ಕೆ ಈ ವರ್ಷ ಕೂಲಿ ಪರಿಷ್ಕರಣೆಯಾಗಿ ಬಾಕಿ ಕೊಡಬೇಕಾಗಿ ಬಂದರೆ ಅದು ಈ ವರ್ಷದ ವೆಚ್ಚವೇ, ಏಕೆಂದರೆ ಆ ಹೊಣೆ ಈ ವರ್ಷ ತೀರ್ಮಾನವಾಯಿತು. ಮಾರ್ಚ್‌ನಲ್ಲಿ ಪ್ರಾಮಾಣಿಕವಾಗಿ ಹಾಕಿದ ಅಂದಾಜು ಅಕ್ಟೋಬರ್‌ನಲ್ಲಿ ಬದಲಾದರೂ ಅದು ಅಂದಾಜಿನ ಬದಲಾವಣೆಯಷ್ಟೆ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಲೆಕ್ಕಕ್ಕೆ ಸಹಿ ಹಾಕಿದ ದಿನ ಈ ಸಂಗತಿ ನಮ್ಮ ಕೈಯಲ್ಲಿದ್ದ ಕಾಗದಗಳಲ್ಲೇ ಇತ್ತೇ? ತೀರ್ಥಹಳ್ಳಿಯ ಚೀಟಿ ನಮ್ಮ ಕಡತದಲ್ಲೇ ಇತ್ತು. ಆದ್ದರಿಂದ ಇದು ತಪ್ಪು, ಅಂದಾಜಲ್ಲ.

ಸಹಿ ಬೀಳುವ ಮೊದಲೇ ಚೀಟಿ ಸಿಕ್ಕಿದ್ದರೆ ಈ ಯಾವ ಕ್ರಮವೂ ಬೇಕಿರಲಿಲ್ಲ. 2023-24ರ ಲೆಕ್ಕದಲ್ಲೇ 15 ಕ್ವಿಂಟಲ್ ಸೇರಿಸಿದರೆ ಮುಗಿಯುತ್ತಿತ್ತು.

ಇನ್ನು ಮೊತ್ತದ ಮಾತು. ಮರೆತುಹೋದ ಮೂರು ಸಾವಿರದ ಫೋನ್ ಬಿಲ್ಲಿಗೆ ಬೇರೆ ಸಾಲು ತೆರೆಯುವುದು ಓದುವವರಿಗೆ ಸಹಾಯವಲ್ಲ, ಅದನ್ನು ಈ ವರ್ಷದ ಫೋನ್ ಖರ್ಚಿಗೇ ಬರೆಯಬಹುದು. ನಮ್ಮ ತಪ್ಪಿನ ಮೊತ್ತ, ಮುಂದೆ ಕಾಣುವಂತೆ, 6,90,000 ರೂಪಾಯಿ. ಆ ವರ್ಷ ತೋರಿಸಿದ್ದ ನಿವ್ವಳ ಲಾಭ 11,40,000. ಅರ್ಧಕ್ಕಿಂತ ಹೆಚ್ಚಾದ್ದರಿಂದ ಬೇರೆ ಸಾಲು ಬೇಕೇ ಎಂಬ ಚರ್ಚೆಗೆ ಅವಕಾಶವೇ ಇರಲಿಲ್ಲ.

ಖರೀದಿ ಬರೆದಿದೆಯೇ ಎಂಬ ಪರೀಕ್ಷೆ

ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ ಇದು. ದಾಸ್ತಾನಿನಿಂದ 15 ಕ್ವಿಂಟಲ್ ಬಿಟ್ಟುಹೋಗಿದೆ ಎಂದ ಕೂಡಲೇ ಲಾಭ ಕಡಿಮೆಯಾಗಿದೆ ಎಂದು ತೀರ್ಮಾನಿಸಬಾರದು. ಆ ಮಾಲಿನ ಖರೀದಿ ಯಾವ ವರ್ಷದಲ್ಲಿ ಬರೆದಿದೆ ಎಂದು ಮೊದಲು ನೋಡಬೇಕು. ಖರೀದಿಯನ್ನೂ ಮಾರ್ಚ್‌ನಲ್ಲಿ ಬರೆಯದೆ ಏಪ್ರಿಲ್‌ನಲ್ಲಿ ಬರೆದಿದ್ದರೆ, ಕಳೆದ ವರ್ಷ ಖರೀದಿಯೂ ಕಡಿಮೆ, ದಾಸ್ತಾನೂ ಅಷ್ಟೇ ಕಡಿಮೆ. ಲಾಭದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇರುವುದಿಲ್ಲ. ಆಗ ತಪ್ಪು ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಇರುತ್ತದೆ, ದಾಸ್ತಾನೂ ಕೊಡಬೇಕಾದ ಬಾಕಿಯೂ ಎರಡೂ ಕಡಿಮೆ ಕಂಡಿರುತ್ತವೆ. ಇನ್ನೊಂದು ಸಾಧ್ಯತೆ, ಮಾಲು ಮಾರ್ಚ್‌ನಲ್ಲೇ ಮಾರಾಟವಾಗಿ ಗಿರಾಕಿಯ ಪರವಾಗಿ ನಮ್ಮಲ್ಲೇ ಉಳಿದಿರುವುದು. ಹಾಗಿದ್ದರೆ ಅದು ನಮ್ಮ ದಾಸ್ತಾನೇ ಅಲ್ಲ.

ನಮ್ಮ ಪ್ರಕರಣದಲ್ಲಿ ಖರೀದಿಯ ಬಿಲ್ ಮಾರ್ಚ್ 22ರದು, ಅದು ಮಾರ್ಚ್‌ನ ಖರೀದಿ ಖಾತೆಯಲ್ಲೇ ಇತ್ತು, ಹಣವೂ ರೈತರಿಗೆ ಸಂದಾಯವಾಗಿತ್ತು. ಖರೀದಿ ಸೇರಿದೆ, ದಾಸ್ತಾನು ಸೇರಿಲ್ಲ. ಹಾಗಾಗಿ ಮಾಲಿನ ಪೂರ್ತಿ ಬೆಲೆಯಷ್ಟು ಲಾಭ ಕಡಿಮೆ ಕಂಡಿತ್ತು.

ಇದೇ ಹೊತ್ತಿನಲ್ಲಿ ಬ್ಯಾಂಕಿಗೆ ಕೊಟ್ಟ ಮಾರ್ಚ್ ತಿಂಗಳ ದಾಸ್ತಾನು ಪಟ್ಟಿಯನ್ನೂ ತೆಗೆದು ನೋಡುವುದು ಒಳ್ಳೆಯದು. ಸಾಲದ ಮಿತಿಗಾಗಿ ಬ್ಯಾಂಕಿಗೆ 195 ಕ್ವಿಂಟಲ್ ಎಂದು ತೋರಿಸಿ, ಪುಸ್ತಕದಲ್ಲಿ 180 ಎಂದು ಬರೆದಿದ್ದರೆ, ತೆರಿಗೆ ಅಧಿಕಾರಿ ಅದನ್ನು ಕೈತಪ್ಪು ಎಂದು ಸುಲಭವಾಗಿ ಒಪ್ಪುವುದಿಲ್ಲ. ನಮ್ಮಲ್ಲಿ ಎರಡು ಕಡೆಯೂ 180 ಇತ್ತು. ಒಂದೇ ಎಣಿಕೆಯಿಂದ ಎರಡೂ ಹೊರಟಿದ್ದವು ಎಂಬುದಕ್ಕೆ ಅದೇ ಪುರಾವೆಯಾಯಿತು.

ಬೆಲೆ ಕಟ್ಟುವುದು ಮಾರ್ಚ್ 31ರ ಲೆಕ್ಕದಲ್ಲಿ

ತಪ್ಪು ಸಿಕ್ಕಿದ್ದು ಅಕ್ಟೋಬರ್‌ನಲ್ಲಾದರೂ ಬೆಲೆ ಅಕ್ಟೋಬರ್‌ನದ್ದಲ್ಲ. ದಾಸ್ತಾನಿಗೆ ಕೊಂಡ ಬೆಲೆ ಅಥವಾ ಮಾರಿದರೆ ಖರ್ಚು ಕಳೆದು ಸಿಗಬಹುದಾದ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿಯಬೇಕು, ಅದೂ ಮಾರ್ಚ್ 31ಕ್ಕೆ ಇದ್ದಂತೆ. ಬಿಲ್ಲಿನ ಪ್ರಕಾರ ಕ್ವಿಂಟಲಿಗೆ 46,000 ರೂಪಾಯಿ ಬಿದ್ದಿತ್ತು, ಆ ವಾರ ಪ್ರಾಂಗಣದಲ್ಲಿ ರಾಶಿ ಅದಕ್ಕಿಂತ ಮೇಲೆಯೇ ಮಾರಾಟವಾಗಿತ್ತು. ಆದ್ದರಿಂದ 46,000 ನಿಂತಿತು. 15 ಕ್ವಿಂಟಲಿಗೆ 6,90,000. ಆರಿಸುವ ಕೂಲಿಯ ಬಹುಪಾಲು ಕೆಲಸ ಏಪ್ರಿಲ್‌ನಲ್ಲಿ ನಡೆದು ಆಗಲೇ ಪಾವತಿಯೂ ಆಗಿದ್ದರಿಂದ ಅದನ್ನು ಈ ಬೆಲೆಗೆ ಸೇರಿಸಲಿಲ್ಲ.

ಸುಮ್ಮನೆ ಬಿಟ್ಟರೆ ಏನಾಗುತ್ತದೆ

ಕಳೆದ ವರ್ಷದ ಕೊನೆಯ ದಾಸ್ತಾನೇ ಈ ವರ್ಷದ ಆರಂಭದ ದಾಸ್ತಾನು. ಕಳೆದ ವರ್ಷ 6,90,000 ಲಾಭ ಕಡಿಮೆ ಕಂಡರೆ, ಆರಂಭದ ದಾಸ್ತಾನೂ ಅಷ್ಟೇ ಕಡಿಮೆಯಾಗಿ ಈ ವರ್ಷ 6,90,000 ಲಾಭ ಹೆಚ್ಚು ಕಾಣುತ್ತದೆ. ಎರಡು ವರ್ಷ ಕೂಡಿಸಿದರೆ ತಾಳೆಯಾಗುತ್ತದೆ. ಹೇಗೂ ಸರಿಹೋಗುತ್ತದೆ ಎಂಬ ಮಾತು ಹುಟ್ಟುವುದು ಇಲ್ಲಿಂದಲೇ. ಆದರೆ ತಾಳೆಯಾಗುವುದು ಮೊತ್ತ ಮಾತ್ರ, ವರ್ಷಗಳು ತಾಳೆಯಾಗುವುದಿಲ್ಲ.

ವರ್ಷ ಮುಗಿದ ಮೇಲೆ ಹಾಕಿ ನೋಡಿದ ಅಂಕಿ ಹೀಗಿತ್ತು. 2023-24ರಲ್ಲಿ 5,20,00,000 ಮಾರಾಟಕ್ಕೆ ತೋರಿಸಿದ್ದ ಒಟ್ಟು ಲಾಭ 25,30,000, ಅಂದರೆ ಶೇಕಡಾ 4.9. 2024-25ರಲ್ಲಿ 6,00,00,000 ಮಾರಾಟಕ್ಕೆ, ತಪ್ಪನ್ನು ಹಾಗೇ ಬಿಟ್ಟಿದ್ದರೆ, 43,90,000, ಅಂದರೆ ಶೇಕಡಾ 7.3. ಒಂದೇ ಮಾಲು, ಅದೇ ಪ್ರಾಂಗಣ, ಅದೇ ಗಿರಾಕಿಗಳು ಇರುವಲ್ಲಿ ಲಾಭದ ಪ್ರಮಾಣ ಇಷ್ಟು ಜಿಗಿದರೆ ಬ್ಯಾಂಕಿನವರೂ ತೆರಿಗೆಯವರೂ ಕಾರಣ ಕೇಳುತ್ತಾರೆ. ತಪ್ಪನ್ನು ಅದರ ವರ್ಷಕ್ಕೆ ಸೇರಿಸಿ ಓದಿದರೆ ಮೊದಲನೆಯದು 32,20,000, ಎರಡನೆಯದು 37,00,000. ಎರಡೂ ಶೇಕಡಾ 6.2ರ ಆಸುಪಾಸು. ಇಂಥ ತಪ್ಪನ್ನು ಗುರುತಿಸಲು ನನಗೆ ತಿಳಿದ ಅತ್ಯುತ್ತಮ ದಾರಿಯೂ ಇದೇ: ಒಂದು ವರ್ಷ ತಗ್ಗಿ ಮರುವರ್ಷ ಅಷ್ಟೇ ಉಬ್ಬಿದ ಲಾಭದ ಪ್ರಮಾಣ ಕಂಡರೆ ನಡುವಿನ ಮಾರ್ಚ್ 31ರ ದಾಸ್ತಾನನ್ನು ಮೊದಲು ಅನುಮಾನಿಸಬೇಕು.

ನಮೂದು

ಹಳೆಯ ವರ್ಷದ ಪುಸ್ತಕವನ್ನು ತೆರೆಯಬಾರದು. ಟ್ಯಾಲಿ ತಂತ್ರಾಂಶದಲ್ಲಿ ದಾಸ್ತಾನಿನ ಮೊತ್ತವನ್ನು ಕೈಯಿಂದ ತುಂಬುವ ಪದ್ಧತಿ ಇದ್ದರೆ, 31-3-2024ರ ಅಂಕಿಯನ್ನು ಬದಲಿಸಿದ ಕೂಡಲೇ ಆ ವರ್ಷದ ಲಾಭ, ಬ್ಯಾಲೆನ್ಸ್ ಶೀಟ್, ಈ ವರ್ಷಕ್ಕೆ ಬಂದ ಶಿಲ್ಕು ಎಲ್ಲವೂ ಬದಲಾಗಿ, ಸಹಿಯಾದ ಪ್ರತಿಗೂ ಕಂಪ್ಯೂಟರಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಎರಡು ವರ್ಷ ಬಿಟ್ಟು ನೋಡುವವರಿಗೆ ಯಾವುದು ನಿಜವೆಂದು ತಿಳಿಯುವುದೇ ಇಲ್ಲ.

ದಾಸ್ತಾನಿನ ಖಾತೆಗೆ ಟ್ಯಾಲಿಯಲ್ಲಿ ನೇರವಾಗಿ ಜರ್ನಲ್ ಹಾಕಲು ಬರುವುದಿಲ್ಲ. ಅದಕ್ಕಾಗಿ ಎರಡು ಹೊಸ ಖಾತೆ ತೆರೆಯುತ್ತೇವೆ. ಒಂದು ನೇರ ವೆಚ್ಚದ ಗುಂಪಿನಲ್ಲಿ, ಅದು ಒಟ್ಟು ಲಾಭದ ಮೇಲಿನ ಭಾಗದಲ್ಲಿ ಕೂರುತ್ತದೆ. ಇನ್ನೊಂದು ಪರೋಕ್ಷ ಆದಾಯದ ಗುಂಪಿನಲ್ಲಿ, ಅದು ಕೆಳಗಿನ ಭಾಗಕ್ಕೆ ಬರುತ್ತದೆ.

```
Journal (F7)   21-10-2024
Dr  ಆರಂಭಿಕ ದಾಸ್ತಾನು ತಿದ್ದುಪಡಿ [Direct Expenses]   6,90,000
Cr  ಪೂರ್ವ ಅವಧಿಯ ಬಾಬ್ತು [Indirect Incomes]         6,90,000
```

ವಿವರಣೆಯ ಜಾಗದಲ್ಲಿ ಸಂಕ್ಷಿಪ್ತವಾಗಿ ಬರೆಯಬಾರದು. ಯಾವ ಮಾಲು, ಎಷ್ಟು ಕ್ವಿಂಟಲ್, ಯಾವ ದರ, ಕಳಿಸಿದ ಮತ್ತು ಬಂದ ಚೀಟಿಗಳ ದಿನಾಂಕ, ಖರೀದಿಯ ಬಿಲ್ಲಿನ ದಿನಾಂಕ, ಇಷ್ಟೂ ಅಲ್ಲಿರಬೇಕು. ಈ ನಮೂದಿನಿಂದ ಈ ವರ್ಷದ ಒಟ್ಟು ಲಾಭ 43,90,000ದಿಂದ 37,00,000ಕ್ಕೆ ಇಳಿಯುತ್ತದೆ, ಅಷ್ಟೇ ಮೊತ್ತ ಕೆಳಗೆ ಪೂರ್ವ ಅವಧಿಯ ಬಾಬ್ತಾಗಿ ಕಾಣುತ್ತದೆ. ಕೊನೆಯ ಲಾಭ ಒಂದೇ ಆದರೂ, ಅದರಲ್ಲಿ ಈ ವರ್ಷದ ದುಡಿಮೆ ಎಷ್ಟು, ಹಿಂದಿನ ವರ್ಷದ್ದೆಷ್ಟು ಎಂಬುದು ಬೇರೆಯಾಗುತ್ತದೆ.

ಲಾಭ-ನಷ್ಟ ಪತ್ರಕದಲ್ಲಿ ಈ ಸಾಲನ್ನು ಈ ವರ್ಷದ ಲಾಭ ಲೆಕ್ಕಹಾಕುವುದರೊಳಗೇ ಬೇರೆಯಾಗಿ ತೋರಿಸಬಹುದು, ಅಥವಾ ಈ ವರ್ಷದ ನಿವ್ವಳ ಲಾಭ ಬಂದ ಮೇಲೆ ಅದರ ಕೆಳಗೆ ತೋರಿಸಬಹುದು; ಎಎಸ್ 5 ಎರಡನ್ನೂ ಒಪ್ಪುತ್ತದೆ. ನಾನು ಎರಡನೆಯದನ್ನೇ ಆರಿಸುತ್ತೇನೆ, ಮುಂದೆ ಪಾಲುದಾರರ ಹಂಚಿಕೆಗೆ ಅದು ಅನುಕೂಲ. ಪಕ್ಕದ ಅಂಕಣದಲ್ಲಿರುವ ಕಳೆದ ವರ್ಷದ ಅಂಕಿಗಳು ಹಾಗೆಯೇ ಉಳಿಯುತ್ತವೆ. ಟಿಪ್ಪಣಿಯಲ್ಲಿ ನಾವು ಬರೆದ ಮಾತು ಇದು: "31-3-2024ರಂದು ವಿಂಗಡಣೆಗಾಗಿ ಹೊರಗೆ ಕಳಿಸಲಾಗಿದ್ದ 15 ಕ್ವಿಂಟಲ್ ರಾಶಿ ಅಡಿಕೆಯು ಅಂದಿನ ದಾಸ್ತಾನಿನಲ್ಲಿ ಸೇರದೆ ಉಳಿದಿತ್ತು. ಅದರ ಕೊಂಡ ಬೆಲೆ ರೂ. 6,90,000 ಅನ್ನು ಈ ವರ್ಷ ಪೂರ್ವ ಅವಧಿಯ ಬಾಬ್ತಾಗಿ ತೋರಿಸಲಾಗಿದೆ. ಈ ವರ್ಷದ ಒಟ್ಟು ಲಾಭವು ಅದನ್ನು ಹೊರತುಪಡಿಸಿದ್ದಾಗಿದೆ."

ತೆರಿಗೆಯ ದಾರಿ ಬೇರೆ

ಪುಸ್ತಕದಲ್ಲಿ ಈ ವರ್ಷ ತೋರಿಸಿದ್ದೇವೆ ಎಂದ ಮಾತ್ರಕ್ಕೆ ತೆರಿಗೆಯನ್ನೂ ಈ ವರ್ಷ ಕಟ್ಟಿದರೆ ಆಯಿತು ಎಂದುಕೊಳ್ಳಬಾರದು. ಆ ಲಾಭ 2023-24ರದು, ಆ ವರ್ಷದ ತೆರಿಗೆಯೇ ಕಡಿಮೆ ಸಂದಾಯವಾಗಿರುವುದು. ಆಗಿನ ನಿಯಮದಂತೆ ಆ ವರ್ಷದ ರಿಟರ್ನನ್ನು ಪರಿಷ್ಕರಿಸಲು 2024ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ಅಕ್ಟೋಬರ್‌ನಲ್ಲೇ ತಪ್ಪು ಸಿಕ್ಕಿದ್ದರಿಂದ ಪರಿಷ್ಕೃತ ರಿಟರ್ನ್ ಸಲ್ಲಿಸಿ, 6,90,000ಕ್ಕೆ ಪಾಲುದಾರಿಕೆ ಸಂಸ್ಥೆಯ ದರದಲ್ಲಿ ಶೇಕಡಾ 30 ತೆರಿಗೆ ಮತ್ತು ಅದರ ಮೇಲೆ ಶೇಕಡಾ 4 ಸೆಸ್ ಸೇರಿ 2,15,280 ರೂಪಾಯಿ ಕಟ್ಟಿದೆವು. ಬಡ್ಡಿ ಬೇರೆ, ಅದನ್ನು ಈ ಬಾಬ್ತಿನೊಂದಿಗೆ ಬೆರೆಸದೆ ತನ್ನದೇ ಸಾಲಿನಲ್ಲಿ ಬರೆದೆವು. ಲೆಕ್ಕಪತ್ರಗಳು ಸಹಿಯಾದಂತೆಯೇ ಉಳಿದವು, ಆದಾಯದ ಗಣನೆಯಲ್ಲಿ ಮಾತ್ರ ಈ ಮೊತ್ತ ಸೇರಿತು.

ಡಿಸೆಂಬರ್ ದಾಟಿದ್ದರೆ ಉಳಿಯುತ್ತಿದ್ದುದು ನವೀಕೃತ ರಿಟರ್ನ್ ಮಾತ್ರ. ಅದರಲ್ಲಿ ತೆರಿಗೆ ಮತ್ತು ಬಡ್ಡಿಯ ಮೇಲೆ ಕನಿಷ್ಠ ಶೇಕಡಾ 25 ಹೆಚ್ಚುವರಿ ತೆರಿಗೆ ಬೀಳುತ್ತದೆ, ತಡವಾದಷ್ಟೂ ಏರುತ್ತದೆ. ನಮ್ಮ ತೆರಿಗೆಯ ಮೇಲೆ ಅಷ್ಟೇ 53,820 ಆಗುತ್ತಿತ್ತು. ತಪ್ಪು ಉಲ್ಟಾ ಇದ್ದು, ಅಂದರೆ ಕಳೆದ ವರ್ಷದ ವೆಚ್ಚವೊಂದು ಬಿಟ್ಟುಹೋಗಿ ತೆರಿಗೆ ಹೆಚ್ಚು ಕಟ್ಟಿದ್ದರೆ, ನವೀಕೃತ ರಿಟರ್ನಿನಿಂದ ಉಪಯೋಗವಿಲ್ಲ. ಅದರ ಮೂಲಕ ತೆರಿಗೆ ಇಳಿಸಲು ಅಥವಾ ಮರುಪಾವತಿ ಕೇಳಲು ಬರುವುದಿಲ್ಲ. ಅಂಥ ವೆಚ್ಚವನ್ನು ಈ ವರ್ಷದ ಆದಾಯದಲ್ಲಿ ಕಳೆಯಲು ಹೋದರೆ, ಹೊಣೆ ಈ ವರ್ಷವೇ ತೀರ್ಮಾನವಾಯಿತೆಂದು ತೋರಿಸಲಾಗದಿದ್ದಾಗ, ಅದು ನಿಲ್ಲುವುದು ಕಷ್ಟ. ಹಾಗಾಗಿ ವೆಚ್ಚ ಬಿಟ್ಟುಹೋದಾಗ ಪರಿಷ್ಕರಣೆಯ ಕೊನೆಯ ದಿನಾಂಕವೇ ನಿಜವಾದ ಗಡುವು.

2024-25ರ ಆದಾಯ ಗಣನೆಯಲ್ಲಿ ಅದೇ 6,90,000ವನ್ನು ಕಳೆಯಲು ಮರೆಯಬಾರದು. ಪುಸ್ತಕದ ಲಾಭದಲ್ಲಿ ಅದು ಸೇರಿಕೊಂಡಿದೆ, ತೆರಿಗೆ ಆಗಲೇ ಸಂದಿದೆ. ಕಳೆಯದಿದ್ದರೆ ಎರಡು ಬಾರಿ ಕಟ್ಟಿದಂತಾಗುತ್ತದೆ. ತೆರಿಗೆ ಪರಿಶೋಧನೆಯ 3ಸಿಡಿ ನಮೂನೆಯಲ್ಲಿ 27(ಬಿ) ಕಲಮು ಇಂಥ ಹಿಂದಿನ ಅವಧಿಯ ಆದಾಯ-ವೆಚ್ಚವನ್ನು ಕೇಳುತ್ತದೆ, ಅಲ್ಲಿ ಬರೆಯಬೇಕು. 35ನೆಯ ಕಲಮಿನಲ್ಲಿ ಮಾಲಿನ ಪ್ರಮಾಣ ಕೇಳುತ್ತಾರೆ: ಕಳೆದ ವರ್ಷ ಕೊನೆಯ ದಾಸ್ತಾನು 180 ಕ್ವಿಂಟಲ್ ಎಂದು ಹೋಗಿದೆ, ಈ ವರ್ಷ ಆರಂಭ 195 ಆಗುತ್ತದೆ. ಆ ವ್ಯತ್ಯಾಸಕ್ಕೆ ಒಂದು ಸಾಲಿನ ವಿವರಣೆ ಇಲ್ಲದಿದ್ದರೆ ನೋಟಿಸನ್ನು ಕರೆದು ತಂದಂತೆ. ಜಿಎಸ್‌ಟಿಯಲ್ಲಿ ಏನೂ ಬದಲಾಗುವುದಿಲ್ಲ, ಮಾರಾಟವಾಗಲಿ ಖರೀದಿಯಾಗಲಿ ಬದಲಾಗಿಲ್ಲವಲ್ಲ.

ಪಾಲುದಾರರ ಹಂಚಿಕೆ

ನನ್ನ ಅನುಭವದಲ್ಲಿ ಜಗಳಕ್ಕೆ ಕಾರಣವಾಗುವ ಜಾಗ ಇದು. ಈ ಸಂಸ್ಥೆಯಲ್ಲಿ 31-3-2024ರವರೆಗೆ ಅಣ್ಣ-ತಮ್ಮಂದಿರಿಬ್ಬರು ಸಮಪಾಲು. ಏಪ್ರಿಲ್ 1ರಿಂದ ಅಣ್ಣನ ಮಗ ಸೇರಿ 2:2:1 ಆಗಿತ್ತು. 6,90,000ವನ್ನು ಈ ವರ್ಷದ ಲಾಭದ ಜೊತೆ ಸುಮ್ಮನೆ ಹಂಚಿದರೆ, ತಾನು ಪಾಲುದಾರನೇ ಆಗಿರದ ವರ್ಷದ ಲಾಭದಲ್ಲಿ ಮಗನಿಗೆ ಐದನೆಯ ಒಂದು ಪಾಲು ಹೋಗುತ್ತದೆ. ತೆರಿಗೆ ಕಳೆದ ಮೇಲೆ ಉಳಿಯುವುದು 4,74,720, ಅದರಲ್ಲಿ ಐದನೆಯ ಒಂದು ಎಂದರೆ 94,944 ರೂಪಾಯಿ. ಅದರ ಅರ್ಧ ಚಿಕ್ಕಪ್ಪನ ಜೇಬಿನಿಂದ ಹೋದದ್ದು.

ಅದಕ್ಕೆ ಲಾಭ ಹಂಚಿಕೆಯನ್ನು ಎರಡು ಭಾಗ ಮಾಡಿದೆವು. ಈ ವರ್ಷದ ಲಾಭ ಹೊಸ ಪ್ರಮಾಣದಲ್ಲಿ ಹೋಯಿತು. ಪೂರ್ವ ಅವಧಿಯ ಬಾಬ್ತು, ಅದಕ್ಕೆ ಸೇರಿದ ತೆರಿಗೆ ಕಳೆದು, ಹಳೆಯ ಪ್ರಮಾಣದಲ್ಲಿ ಅಣ್ಣ-ತಮ್ಮಂದಿರ ಬಂಡವಾಳ ಖಾತೆಗೆ ತಲಾ 2,37,360ರಂತೆ ಜಮೆಯಾಯಿತು. ಹೀಗೆ ಮಾಡುವುದಕ್ಕೆ ಮೂವರೂ ಒಪ್ಪಿ ಸಹಿ ಹಾಕಿದ ಒಂದು ಪುಟದ ಪತ್ರವನ್ನು ಕಡತಕ್ಕೆ ಸೇರಿಸಿದೆವು. "ನಂಗೆ ಬೇಡ ಚಿಕ್ಕಪ್ಪ, ಅದು ನಿಮ್ಮ ವರ್ಷದ್ದೇ" ಎಂದ ಮಗನ ಮಾತು ಸಾಕಲ್ಲವೇ ಎಂದು ಅವರು ಕೇಳಿದರು. ಮನೆಗೆ ಸಾಕು, ಆದರೆ ಮುಂದೆ ಪಾಲುದಾರಿಕೆ ಬದಲಾದಾಗ ಲೆಕ್ಕ ನೋಡುವವರಿಗೆ ಕಾಗದವೇ ಬೇಕು. ಪಾಲುದಾರರಲ್ಲೊಬ್ಬರು ಆಗಲೇ ನಿವೃತ್ತರಾಗಿ ಲೆಕ್ಕ ಚುಕ್ತಾ ಮಾಡಿಕೊಂಡಿದ್ದರೆ ಇದು ಇನ್ನೂ ಸೂಕ್ಷ್ಮ: ಅವರ ಪಾಲನ್ನು ಬಂಡವಾಳ ಖಾತೆಗೆ ಹಾಕಲು ಖಾತೆಯೇ ಇರುವುದಿಲ್ಲ, ಅದನ್ನು ಅವರಿಗೆ ಕೊಡಬೇಕಾದ ಬಾಕಿಯಾಗಿ ಬರೆಯಬೇಕು.

ತಾನಾಗಿ ಸರಿಹೋಗದ ತಪ್ಪು

ಮೇಲಿನದೆಲ್ಲ ದಾಸ್ತಾನಿಗೆ ಹೊಂದುತ್ತದೆ. ಯಂತ್ರ ಕೊಂಡದ್ದನ್ನು ದುರಸ್ತಿ ಖರ್ಚಿಗೆ ಬರೆದಂಥ ತಪ್ಪು ಮಾತ್ರ ಮರುವರ್ಷ ತಾನಾಗಿ ತಿರುಗಿ ಬರುವುದಿಲ್ಲ, ಆಸ್ತಿ ಪುಸ್ತಕದಿಂದಲೇ ಕಾಣೆಯಾಗಿ ಉಳಿಯುತ್ತದೆ. 1,20,000 ರೂಪಾಯಿಯ ಅಡಿಕೆ ಸುಲಿಯುವ ಯಂತ್ರ ಕಳೆದ ವರ್ಷ ಹಾಗೆ ಹೋಗಿದ್ದರೆ, ಯಂತ್ರದ ಖಾತೆಗೆ 1,20,000 ಡೆಬಿಟ್ ಬರೆದು, ಕಳೆದ ವರ್ಷ ಹಾಕಬೇಕಿದ್ದ ಸವಕಳಿ, ಶೇಕಡಾ 15ರ ದರದಲ್ಲಿ ಪೂರ್ತಿ ವರ್ಷಕ್ಕೆ 18,000ವನ್ನು ಸಂಚಿತ ಸವಕಳಿ ಖಾತೆಗೂ ಉಳಿದ 1,02,000ವನ್ನು ಪೂರ್ವ ಅವಧಿಯ ಬಾಬ್ತಿಗೂ ಜಮೆ ಮಾಡಬೇಕು. 1,20,000ವನ್ನೂ ಪೂರ್ತಿಯಾಗಿ ಆದಾಯಕ್ಕೆ ತಂದುಬಿಟ್ಟರೆ ಹಳೆಯ ತಪ್ಪನ್ನು ತಿದ್ದಲು ಹೋಗಿ ಹೊಸದೊಂದನ್ನು ಮಾಡಿದಂತಾಗುತ್ತದೆ. ಈ ವರ್ಷದ ಸವಕಳಿ ಎಂದಿನಂತೆ ಈ ವರ್ಷದ ವೆಚ್ಚ, ಅದನ್ನು ಈ ಬಾಬ್ತಿಗೆ ಬೆರೆಸಬಾರದು.

ಕಡತದಲ್ಲಿ ಇರಬೇಕಾದದ್ದು

ಮಾರ್ಚ್ 22ರ ಖರೀದಿ ಬಿಲ್ಲು, ಕಳಿಸಿದ ಚೀಟಿ, ಬಂದ ಚೀಟಿ, ಅಕ್ಟೋಬರ್‌ನ ತೂಕದ ಪಟ್ಟಿ, ಬ್ಯಾಂಕಿಗೆ ಕೊಟ್ಟ ಮಾರ್ಚ್ ಪಟ್ಟಿ, ಜರ್ನಲ್ಲಿನ ಮುದ್ರಿತ ಪ್ರತಿ, ಪರಿಷ್ಕೃತ ರಿಟರ್ನಿನ ಸ್ವೀಕೃತಿ, ತೆರಿಗೆ ಕಟ್ಟಿದ ಚಲನ್ ಮತ್ತು ಪಾಲುದಾರರ ಒಪ್ಪಿಗೆ ಪತ್ರ, ಇವನ್ನೆಲ್ಲ ಒಂದೇ ಕಡೆ ಹೊಲಿದು ಇಟ್ಟೆವು. 31-3-2025ರಂದು ದಾಸ್ತಾನು ಬರೆಯುವಾಗ ಎಣಿಸುವವರ ಕೈಗೆ ಖಾಲಿ ಹಾಳೆ ಕೊಡಲಿಲ್ಲ; ಪ್ರಾಂಗಣದ ಗೋದಾಮು, ಮನೆಯ ಅಟ್ಟ, ತೀರ್ಥಹಳ್ಳಿ ಕಡೆ ಆರಿಸಲು ಕೊಟ್ಟ ಮನೆಗಳು, ಲಾರಿಯಲ್ಲಿ ದಾರಿಯಲ್ಲಿರುವ ಮಾಲು ಎಂದು ಮೊದಲೇ ಬರೆದ ಹಾಳೆ ಕೊಟ್ಟೆವು. ಮಾಲಿಲ್ಲದ ಜಾಗದ ಎದುರು ಸೊನ್ನೆ ಬರೆದು ಸಹಿ ಹಾಕಬೇಕೆಂದು ಹೇಳಿದೆವು.